ಕಾವಲಿಗೆ ಇಟ್ಟವರ ಮಗ ಸೈಟ್ ತನ್ನದೇ ಎನ್ನುತ್ತಿದ್ದಾನೆ. ಹನ್ನೆರಡು ವರ್ಷವಾದರೆ ನಿಜವಾಗಿಯೂ ಅವನದಾಗುತ್ತದೆಯೇ?

ಬೇಲಿ_ಹೂವು
ಎಲ್ಲರಿಗೂ ನಮಸ್ಕಾರ. ಯಲಹಂಕದ ಆಚೆಯ ಒಂದು ಖಾಸಗಿ ಬಡಾವಣೆಯಲ್ಲಿ ನಮ್ಮ ತಂದೆ 1998ರಲ್ಲಿ 30×40ರ ಸೈಟ್ ಕೊಂಡಿದ್ದರು. ನೋಂದಾಯಿತ ಕ್ರಯಪತ್ರವಿದೆ, ಖಾತೆ ಇನ್ನೂ ತಂದೆಯ ಹೆಸರಿನಲ್ಲೇ ಇದೆ. ನಾವಿರುವುದು ಮೈಸೂರಿನಲ್ಲಿ. ಖಾಲಿ ಸೈಟ್ ಬಿಟ್ಟರೆ ಯಾರಾದರೂ ಬೇಲಿ ಹಾಕುತ್ತಾರೆಂದು ಹೆದರಿ, 2006ರಲ್ಲಿ ಅಲ್ಲೇ ಕೆಲಸ ಮಾಡುತ್ತಿದ್ದ ಒಬ್ಬ ಗಾರೆ ಮೇಸ್ತ್ರಿಗೆ ಮೂಲೆಯಲ್ಲಿ ಶೀಟ್ ಹಾಕಿಕೊಂಡು ಇರಲು ಹೇಳಿದರು. ಬಾಡಿಗೆ ಇಲ್ಲ, ಕಾಗದ ಇಲ್ಲ, ಎಲ್ಲ ಬಾಯಿಮಾತು.

2012ರಲ್ಲಿ ತಂದೆ ತೀರಿಕೊಂಡರು. ಮೇಸ್ತ್ರಿಯೂ ಈಗಿಲ್ಲ. ಅವರ ಮಗ 2014ರಲ್ಲಿ ಶೀಟ್ ತೆಗೆದು ಎರಡು ಕೋಣೆಯ ತಾರಸಿ ಮನೆ ಕಟ್ಟಿಕೊಂಡ. ಮರುವರ್ಷ ಮದುವೆಗೆಂದು ಬಂದಾಗ ನೋಡಿದೆ. ‘ಶೀಟು ಸೋರುತ್ತಿತ್ತು ಅಕ್ಕ, ಮಕ್ಕಳು ಚಿಕ್ಕವರು’ ಎಂದ. ನಾನು ಏನೂ ಹೇಳಲಿಲ್ಲ. 2019ರವರೆಗೆ ಕಂದಾಯ ನಾವೇ ಕಟ್ಟಿದ್ದೇವೆ, ಆಮೇಲೆ ಕಟ್ಟಿಲ್ಲ. ಈಗ ಮಾರಲು ಹೊರಟರೆ ಆತ, ‘ಹನ್ನೆರಡು ವರ್ಷ ದಾಟಿದೆ, ಕಾನೂನಿನ ಪ್ರಕಾರ ಇದು ನಮ್ಮದು’ ಎನ್ನುತ್ತಿದ್ದಾನೆ. ಇದು ನಿಜವೇ?

ಜಯನಗರದ_ಹಿರಿಯ
ಸುಳ್ಳು. ಸುಪ್ರೀಂ ಕೋರ್ಟ್ 2008ರಲ್ಲೇ ಈ ಪ್ರತಿಕೂಲ ಸ್ವಾಧೀನದ ಕಾನೂನನ್ನು ಕಿತ್ತುಹಾಕಿದೆ. ಕ್ರಯಪತ್ರ ನಿಮ್ಮ ಕೈಯಲ್ಲಿದೆ ಎಂದಮೇಲೆ ಹೆದರುವುದೇಕೆ? ಒಂದು ಪೊಲೀಸ್ ದೂರು ಕೊಡಿ, ನಾಲ್ಕು ಜನರನ್ನು ಕರೆದುಕೊಂಡು ಹೋಗಿ ಸಾಮಾನು ಹೊರಗಿಡಿಸಿ. ಒಂದು ಮಧ್ಯಾಹ್ನದ ಕೆಲಸ.

ಕಪ್ಪು_ಕೋಟು
ದಯವಿಟ್ಟು ಹಾಗೆ ಮಾಡಬೇಡಿ ಮೇಡಂ. ಸಾಮಾನು ಹೊರಗೆಸೆದರೆ ಆತ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಅಡಿಯಲ್ಲಿ ಆರು ತಿಂಗಳೊಳಗೆ ದಾವೆ ಹಾಕಿ ಮತ್ತೆ ಒಳಗೆ ಬರಬಹುದು. ಆ ದಾವೆಯಲ್ಲಿ ಮಾಲೀಕರು ಯಾರು ಎಂಬ ಪ್ರಶ್ನೆಯನ್ನೇ ಕೋರ್ಟ್ ಎತ್ತುವುದಿಲ್ಲ. ಮೇಲಿಂದ ನಿಮ್ಮ ಮೇಲೆಯೇ ಕ್ರಿಮಿನಲ್ ದೂರು ಬೀಳುತ್ತದೆ.

ಹಿರಿಯರು ಹೇಳಿದ 2008ರ ತೀರ್ಪು ಹೇಮಾಜಿ ವಾಘಾಜಿ ಪ್ರಕರಣದ್ದು. ಅದರಲ್ಲಿ ನ್ಯಾಯಾಲಯ ಈ ಕಾನೂನನ್ನು ತರ್ಕಹೀನವೆಂದು ಕಟುವಾಗಿ ಟೀಕಿಸಿತು, ಮರುಪರಿಶೀಲಿಸುವಂತೆ ಕೇಂದ್ರ ಸರ್ಕಾರಕ್ಕೆ ಹೇಳಿತು. ರದ್ದು ಮಾಡಲಿಲ್ಲ. ರದ್ದು ಮಾಡಬೇಕಾದದ್ದು ಸಂಸತ್ತು, ಅದು ಮಾಡಿಲ್ಲ. 1963ರ ಲಿಮಿಟೇಷನ್ ಕಾಯ್ದೆಯ 65ನೇ ಅನುಚ್ಛೇದ ಇಂದಿಗೂ ಹಾಗೆಯೇ ಇದೆ: ಬೇರೆಯವರ ಅನುಭವ ಮಾಲೀಕನಿಗೆ ವಿರುದ್ಧವಾದ ದಿನದಿಂದ ಹನ್ನೆರಡು ವರ್ಷದೊಳಗೆ ಮಾಲೀಕ ದಾವೆ ಹಾಕಬೇಕು. ಹಾಕದಿದ್ದರೆ 27ನೇ ಸೆಕ್ಷನ್ ಪ್ರಕಾರ ಮಾಲೀಕನ ಹಕ್ಕೇ ಅಳಿದುಹೋಗುತ್ತದೆ. ಕ್ರಯಪತ್ರ ಬೀರುವಿನಲ್ಲಿ ಭದ್ರವಾಗಿಯೇ ಇರುತ್ತದೆ, ಅದರೊಳಗಿನ ಹಕ್ಕು ಇರುವುದಿಲ್ಲ.

ಆದರೆ ಎಣಿಕೆ ಆತ ಸೈಟಿಗೆ ಕಾಲಿಟ್ಟ ದಿನದಿಂದ ಶುರುವಾಗುವುದಿಲ್ಲ. ನಿಮ್ಮ ಪ್ರಕರಣ ನಿಂತಿರುವುದು ಇಲ್ಲಿಯೇ. ರಾತ್ರಿ ವಿವರವಾಗಿ ಬರೆಯುತ್ತೇನೆ.

ಜಯನಗರದ_ಹಿರಿಯ
ವಕೀಲರಿಗೆ ಹತ್ತು ವರ್ಷದ ದಾವೆ ಬೇಕು, ನನಗೆ ಒಂದು ಮಧ್ಯಾಹ್ನ ಸಾಕು. ಅಷ್ಟೇ ವ್ಯತ್ಯಾಸ.

ಬಾಡಿಗೆ_ಮನೆಯವ
ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನಾನು ಮಲ್ಲೇಶ್ವರದ ಒಂದೇ ಮನೆಯಲ್ಲಿ ಹದಿನಾಲ್ಕು ವರ್ಷದಿಂದ ಬಾಡಿಗೆಗಿದ್ದೇನೆ. ಹನ್ನೆರಡು ದಾಟಿತಲ್ಲ! ಮಾಲೀಕರು ಈಗ ಖಾಲಿ ಮಾಡಿ ಎನ್ನುತ್ತಿದ್ದಾರೆ. ನನಗೂ ಹಕ್ಕು ಬಂದಿರಬೇಕಲ್ಲವೇ?

ಹಳೇ_ಸರಪಳಿ
ಇಲ್ಲ ಸ್ವಾಮಿ. ಬಾಡಿಗೆ ಕೊಡುವುದೆಂದರೆ ಪ್ರತಿ ತಿಂಗಳೂ ‘ಮನೆ ನಿಮ್ಮದು’ ಎಂದು ಒಪ್ಪಿಕೊಳ್ಳುವುದು. ಬಾಡಿಗೆಗೆಂದು ಒಳಗೆ ಬಂದವನು ಒಳಗಿದ್ದುಕೊಂಡೇ ಮಾಲೀಕನ ಹಕ್ಕನ್ನು ಅಲ್ಲಗಳೆಯುವಂತಿಲ್ಲ. ಹದಿನಾಲ್ಕಲ್ಲ, ನಲವತ್ತು ವರ್ಷವಾದರೂ ಅಷ್ಟೇ. ಭೋಗ್ಯಕ್ಕೆ ಹಾಕಿಕೊಂಡವರಿಗೂ ಇದೇ ಮಾತು.

ನಾನು ಮೂವತ್ತು ವರ್ಷ ಭೂಮಾಪನ ಮಾಡಿದವನು. ಬೇಲಿ ಹೂವು ಅವರಿಗೆ ಒಂದು ಸಲಹೆ ಇದೆ. ಮನೆ ಯಾವಾಗ ಎದ್ದಿತು ಎಂಬುದನ್ನು ನೆನಪಿನಿಂದ ಹೇಳಬೇಡಿ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಉಪಗ್ರಹ ಚಿತ್ರ ನೋಡುವ ಸೌಲಭ್ಯವಿದೆ, ಪ್ರತಿ ಚಿತ್ರದ ಮೇಲೂ ದಿನಾಂಕ ಇರುತ್ತದೆ. ಶೀಟ್ ಇದ್ದ ಕೊನೆಯ ಚಿತ್ರ ಯಾವುದು, ತಾರಸಿ ಕಾಣುವ ಮೊದಲ ಚಿತ್ರ ಯಾವುದು, ನೋಡಿ. ವಿದ್ಯುತ್ ಮೀಟರ್ ಯಾವ ದಿನ ಬಂತೆಂಬುದನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು.

ಇಬ್ಬನಿ_ಸಂಜೆ
ಬಸವನಗುಡಿಯಲ್ಲಿ ನಮ್ಮ ತಾತನ ಮನೆಯಿದೆ. ದೊಡ್ಡಪ್ಪ ಒಬ್ಬರೇ ಮೂವತ್ತು ವರ್ಷದಿಂದ ಅಲ್ಲಿದ್ದಾರೆ. ನಮ್ಮಪ್ಪ ಒಮ್ಮೆಯೂ ಪಾಲು ಕೇಳಿಲ್ಲ. ಹಾಗಾದರೆ ನಮ್ಮ ಭಾಗ ಹೋಯಿತೇ?

ಕಪ್ಪು_ಕೋಟು
ಇಬ್ಬನಿ ಅವರೇ, ಪಾಲುದಾರರಲ್ಲಿ ಒಬ್ಬರ ಅನುಭವ ಎಲ್ಲ ಪಾಲುದಾರರ ಪರವಾದ ಅನುಭವವೆಂದೇ ಕಾನೂನು ಎಣಿಸುತ್ತದೆ. ದೊಡ್ಡಪ್ಪ ಸುಮ್ಮನೆ ವಾಸವಿದ್ದರೆ ಸಾಲದು. ‘ನಿನಗೆ ಇಲ್ಲಿ ಪಾಲಿಲ್ಲ’ ಎಂದು ನಿಮ್ಮ ತಂದೆಗೆ ಗೊತ್ತಾಗುವಂತೆ ಹೇಳಿ ಹೊರಗಿಟ್ಟಿರಬೇಕು, ಅಲ್ಲಿಂದ ಹನ್ನೆರಡು ವರ್ಷ ಕಳೆದಿರಬೇಕು. ಅಂಥದ್ದೇನೂ ನಡೆದಿಲ್ಲವೆಂದರೆ ವಿಭಾಗದ ದಾವೆಗೆ ದಾರಿ ತೆರೆದೇ ಇದೆ.

ಈಗ ಮೇಡಂ ಅವರ ವಿಷಯ. ಆತ ಹನ್ನೆರಡು ವರ್ಷ ಎನ್ನುತ್ತಿದ್ದಾನೆ. ಯಾವ ದಿನದಿಂದ ಹನ್ನೆರಡು? ಅದನ್ನು ಸಾಬೀತುಪಡಿಸಬೇಕಾದವನು ಅವನೇ. 1908ರ ಹಳೆಯ ಕಾಯ್ದೆಯ ಕಾಲದಲ್ಲಿ ಇಂಥ ದಾವೆಗಳಲ್ಲಿ ಮಾಲೀಕನೇ ತಾನು ಹಿಂದಿನ ಹನ್ನೆರಡು ವರ್ಷದೊಳಗೆ ಅನುಭವದಲ್ಲಿದ್ದೆನೆಂದು ತೋರಿಸಬೇಕಾಗುತ್ತಿತ್ತು. 1963ರ ಕಾಯ್ದೆ ಬಂದಮೇಲೆ ನೀವು ಹಕ್ಕನ್ನು ಸಾಬೀತುಪಡಿಸಿದರೆ ಸಾಕು, ಉಳಿದ ಭಾರ ಎದುರು ಪಕ್ಷದ್ದು. ಅವನ ಮುಂದೆ ಮೂರು ದಿನಾಂಕಗಳಿವೆ.

ಮೊದಲನೆಯದು 2006. ಇದು ನಿಲ್ಲುವುದು ಕಷ್ಟ. ನಿಮ್ಮ ತಂದೆಯ ಅನುಮತಿಯಿಂದ ಬಂದವರ ಅನುಭವ ತಂದೆಗೆ ವಿರುದ್ಧವಾದದ್ದಲ್ಲ. ಕಾವಲುಗಾರ, ಮೇಲ್ವಿಚಾರಕ, ಕೆಲಸದವ ಎಷ್ಟು ಕಾಲ ಇದ್ದರೂ ಅವನಿಗೆ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲವೆಂದು 2012ರಲ್ಲಿ ಗೋವಾದ ಮಾರಿಯಾ ಮಾರ್ಗರಿಡಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಹಳ ಸ್ಪಷ್ಟವಾಗಿ ಹೇಳಿದೆ.

ಎರಡನೆಯದು 2012, ತಂದೆ ತೀರಿಕೊಂಡ ವರ್ಷ. ಅನುಮತಿ ಕೊಟ್ಟವರೇ ಹೋದಮೇಲೆ ಅನುಮತಿಯೂ ಮುಗಿಯಿತು, ಅಂದಿನಿಂದ ತಾವು ವಿರುದ್ಧವಾಗಿ ಇದ್ದೇವೆ ಎಂದು ಅವರ ವಕೀಲರು ವಾದಿಸುತ್ತಾರೆ. ನಾನು ಅವರ ಕಡೆಯಿದ್ದರೆ ನಾನೂ ಅದನ್ನೇ ವಾದಿಸುತ್ತೇನೆ. ಆದರೆ ಅನುಮತಿ ಮುಗಿದ ಮಾತ್ರಕ್ಕೆ ಅನುಭವ ತಾನಾಗಿಯೇ ಪ್ರತಿಕೂಲವಾಗುವುದಿಲ್ಲ. ಅದೇ ಶೀಟು, ಅದೇ ಮೂಲೆ. ಮಾಲೀಕರ ಹಕ್ಕನ್ನು ಧಿಕ್ಕರಿಸುವ ಯಾವ ಕೆಲಸವೂ 2012ರಲ್ಲಿ ನಡೆದಿಲ್ಲ.

ಮೂರನೆಯದು 2014. ನಿಜವಾದ ಅಪಾಯ ಇದು. ಶೀಟ್ ಹೋಗಿ ತಾರಸಿ ಬಂತು, ಅವನ ಹೆಸರಿನಲ್ಲಿ ಮೀಟರ್ ಬಂದಿದ್ದರೆ ಅದೂ ಇದೆ. ನೀವು ಕಣ್ಣಾರೆ ನೋಡಿಯೂ ಸುಮ್ಮನಿದ್ದಿರಿ. ಬಹಿರಂಗವಾಗಿ, ನಿಮಗೆ ಗೊತ್ತಿದ್ದು, ತಡೆಯಿಲ್ಲದೆ ಎಂದು ಹೇಳಲು ಅವನಿಗೆ ಇಲ್ಲಿ ಸಾಮಗ್ರಿ ಸಿಗುತ್ತದೆ. ಈಗ ಫೆಬ್ರುವರಿ 2026. ಮನೆಯ ಕೆಲಸ ಶುರುವಾದದ್ದು ಯಾವ ತಿಂಗಳು?

ಬೇಲಿ_ಹೂವು
ಸರಪಳಿ ಸರ್ ಹೇಳಿದಂತೆ ನೋಡಿದೆ. ಮಾರ್ಚ್ 2014ರ ಚಿತ್ರದಲ್ಲಿ ಶೀಟಿನ ಸಣ್ಣ ಚೌಕ ಮಾತ್ರ ಇದೆ. ಮುಂದಿನ ಚಿತ್ರ ಡಿಸೆಂಬರಿನದು, ಅದರಲ್ಲಿ ತಾರಸಿ ಕಾಣುತ್ತದೆ. ಮೀಟರ್ ಫಲಕದ ಮೇಲೆ ಬರೆದಿರುವುದು ಆಗಸ್ಟ್ 2014.

ಹಳೇ_ಸರಪಳಿ
ಹಾಗಾದರೆ ಮಾರ್ಚ್‌ನಿಂದ ಆಗಸ್ಟ್‌ನೊಳಗೆ ಕಟ್ಟಿದ್ದಾನೆ. ಮಾರ್ಚ್ ಎಂದೇ ಹಿಡಿದರೂ ಹನ್ನೆರಡು ವರ್ಷ ಇನ್ನೂ ತುಂಬಿಲ್ಲ, ಆದರೆ ಉಳಿದಿರುವುದು ವಾರಗಳು ಮಾತ್ರ. ಇಂದೇ ಒಂದು ಲೀಗಲ್ ನೋಟಿಸ್ ಕಳಿಸಿಬಿಡಿ, ಎಣಿಕೆ ಅಲ್ಲಿಗೆ ನಿಲ್ಲುತ್ತದೆ.

ಕಪ್ಪು_ಕೋಟು
ನಿಲ್ಲುವುದಿಲ್ಲ ಸರ್. ಜನ ಆಸ್ತಿ ಕಳೆದುಕೊಳ್ಳುವುದೇ ಈ ನಂಬಿಕೆಯಿಂದ. ನೋಟಿಸ್, ಪೊಲೀಸ್ ದೂರು, ಪಾಲಿಕೆಗೆ ಕೊಟ್ಟ ಅರ್ಜಿ, ಊರ ಹಿರಿಯರ ಪಂಚಾಯಿತಿ, ಯಾವುದರಿಂದಲೂ ಹನ್ನೆರಡು ವರ್ಷದ ಎಣಿಕೆ ನಿಲ್ಲುವುದಿಲ್ಲ. ಸ್ವಾಧೀನ ಕೇಳಿ ದಾವೆ ಹಾಕಿದರೆ ನಿಲ್ಲುತ್ತದೆ, ಅಥವಾ ಸ್ವಾಧೀನ ನಿಜವಾಗಿ ಮಾಲೀಕರ ಕೈಗೆ ಮರಳಿದರೆ ನಿಲ್ಲುತ್ತದೆ. ಬರೀ ‘ನನ್ನ ಸೈಟಿಗೆ ಬರಬೇಡ’ ಎಂದು ತಡೆಯಾಜ್ಞೆ ಕೇಳಿದ ದಾವೆಯೂ ಸಾಲದು, ಏಕೆಂದರೆ ಅವನು ಆಗಲೇ ಒಳಗಿದ್ದಾನೆ. ಸ್ವಾಧೀನವನ್ನೇ ಕೇಳಬೇಕು.

ನೀವು ಸೈಟನ್ನು ಈಗಲೇ ಬೇರೆಯವರಿಗೆ ಮಾರಿದರೂ ಎಣಿಕೆ ಹೊಸದಾಗಿ ಶುರುವಾಗುವುದಿಲ್ಲ. ಕೊಂಡವರು ನಿಮ್ಮ ಜಾಗದಲ್ಲಿ ನಿಲ್ಲುತ್ತಾರೆ, ಕಳೆದುಹೋದ ವರ್ಷಗಳೂ ಅವರ ಪಾಲಿಗೆ ಹೋಗುತ್ತವೆ. ಕೊಳ್ಳುವವರಿಗೂ ಇದೇ ಮಾತು: ಇಸಿ ಶುದ್ಧವಾಗಿದೆ ಎಂದು ನಂಬಿ ಸೈಟ್ ನೋಡದೆ ಮುಂಗಡ ಕೊಡಬೇಡಿ. ಇಸಿಯಲ್ಲಿ ಬರುವುದು ನೋಂದಣಿಯಾದ ವ್ಯವಹಾರ. ಒಳಗೆ ಯಾರು ಅಡುಗೆ ಮಾಡುತ್ತಿದ್ದಾರೆಂಬುದು ಅದರಲ್ಲಿ ಬರುವುದಿಲ್ಲ.

ತೋಟದ_ಮನೆ
ಇದೆಂಥ ಕಾನೂನು? ಮೊಬೈಲ್ ಕದ್ದವನು ಹನ್ನೆರಡು ವರ್ಷ ಇಟ್ಟುಕೊಂಡರೆ ಅದು ಅವನದಾಗುತ್ತದೆಯೇ? ಬ್ರಿಟಿಷರು ಬಿಟ್ಟುಹೋದ ಕಸವನ್ನೆಲ್ಲ ನಾವೇಕೆ ಹೊರಬೇಕು?

ಯಶವಂತಪುರದ_ಹಳಬ
ಕೋಪ ಅರ್ಥವಾಗುತ್ತದೆ. ಆದರೆ ಇನ್ನೊಂದು ಕಡೆಯಲ್ಲಿ ನಿಂತು ನೋಡಿದವನು ನಾನು. ನಮ್ಮ ತಂದೆ ಕಾರ್ಖಾನೆಯಲ್ಲಿ ಕೂಲಿಯಾಗಿದ್ದರು. 1987ರಲ್ಲಿ ಪೀಣ್ಯದ ಆಚೆ ಒಬ್ಬ ರೈತರಿಂದ ರೆವಿನ್ಯೂ ಸೈಟ್ ತೆಗೆದುಕೊಂಡರು. ಆಗ ಕೂಲಿಯವನಿಗೆ ಸಿಗುತ್ತಿದ್ದದ್ದು ಅದೇ. ಪೂರ್ತಿ ಹಣ ಕೊಟ್ಟಿದ್ದರು, ಛಾಪಾ ಕಾಗದದ ಮೇಲೆ ಬರೆಸಿಕೊಂಡಿದ್ದರು, ನೋಂದಣಿ ಮಾತ್ರ ಆಗಿರಲಿಲ್ಲ. ಮನೆ ಕಟ್ಟಿದೆವು, ಬಾವಿ ತೋಡಿದೆವು, ನಾನು ಹುಟ್ಟಿದ್ದು ಅಲ್ಲೇ. ಸುತ್ತ ಅಪಾರ್ಟ್‌ಮೆಂಟ್ ಬಂದು ಬೆಲೆ ಏರಿದಮೇಲೆ, 2009ರಲ್ಲಿ, ಆ ರೈತರ ಮೊಮ್ಮಕ್ಕಳು ಬಂದು ‘ನೋಂದಣಿ ಇಲ್ಲ, ಜಾಗ ನಮ್ಮದು, ಖಾಲಿ ಮಾಡಿ’ ಎಂದರು. ಇಪ್ಪತ್ತೆರಡು ವರ್ಷ ಒಬ್ಬರೂ ಬಂದಿರಲಿಲ್ಲ.

ನಮ್ಮ ವಕೀಲರು ಹಿಡಿದದ್ದು ಪ್ರತಿಕೂಲ ಸ್ವಾಧೀನದ ವಾದವನ್ನೇ. ಕೆಳಗಿನ ಕೋರ್ಟಿನಲ್ಲಿ ಗೆದ್ದೆವು, ಮೇಲ್ಮನವಿ ಇನ್ನೂ ನಡೆಯುತ್ತಿದೆ. ನೀವೆಲ್ಲ ಕಳ್ಳ ಎನ್ನುವ ಜಾಗದಲ್ಲಿ ನಮ್ಮ ತಾಯಿ ಕೂತಿದ್ದಾರೆ ಎಂಬುದು ನೆನಪಿರಲಿ. ಈ ಕಾನೂನು ಇರದಿದ್ದರೆ ನಾವು ಬೀದಿಯಲ್ಲಿರುತ್ತಿದ್ದೆವು.

ತೋಟದ_ಮನೆ
ನಿಮ್ಮ ತಂದೆ ಹಣ ಕೊಟ್ಟಿದ್ದರು. ಮೇಸ್ತ್ರಿಯ ಮಗ ಏನು ಕೊಟ್ಟಿದ್ದಾನೆ? ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಕಪ್ಪು_ಕೋಟು
ವಿಚಿತ್ರವೆಂದರೆ, ಕಾನೂನಿನ ತಕ್ಕಡಿಯಲ್ಲಿ ಹಣ ಕೊಟ್ಟವನಿಗೆ ಕೆಲವೊಮ್ಮೆ ಹೆಚ್ಚು ಕಷ್ಟ. 2007ರಲ್ಲಿ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಮುನಿಚಿಕ್ಕಣ್ಣ ರೆಡ್ಡಿ ಪ್ರಕರಣ ನೋಡಿ. ಬರೀ ದೀರ್ಘಕಾಲದ ಅನುಭವ ಸಾಲದು, ನಿಜವಾದ ಮಾಲೀಕನ ಹಕ್ಕನ್ನು ಧಿಕ್ಕರಿಸುವ ಉದ್ದೇಶವೂ ಇರಬೇಕು ಎಂದು ಅಲ್ಲಿ ಒತ್ತಿ ಹೇಳಲಾಯಿತು. ‘ಇದು ನಾನು ಕೊಂಡ ಜಾಗ, ನನ್ನದೇ’ ಎಂದು ಪ್ರಾಮಾಣಿಕವಾಗಿ ನಂಬಿದವನಿಗೆ ಯಾರನ್ನು ಧಿಕ್ಕರಿಸುವ ಉದ್ದೇಶವಿರುತ್ತದೆ? ಆತನ ವಾದ ಸೊರಗುತ್ತದೆ. ಗೊತ್ತಿದ್ದೂ ನುಗ್ಗಿದವನ ವಾದ ಗಟ್ಟಿಯಾಗುತ್ತದೆ. ಈ ಕಾನೂನಿನ ಮೇಲೆ ನನಗಿರುವ ದೊಡ್ಡ ತಕರಾರು ಇದೇ.

ಹಳಬರೇ, ನಿಮ್ಮ ಪ್ರಕರಣದಲ್ಲಿ ಪೂರ್ತಿ ಹಣ ಕೊಟ್ಟು, ಮಾರಾಟ ಮುಗಿಯಿತೆಂದೇ ಎರಡೂ ಕಡೆ ನಡೆದುಕೊಂಡಿದ್ದೀರಿ, ಆದ್ದರಿಂದ ವಾದಕ್ಕೆ ಜಾಗವಿದೆ. ಬರೀ ಮಾರಾಟದ ಕರಾರು ಮಾಡಿಕೊಂಡು ಒಳಗೆ ಬಂದವರಿಗೆ ಇಲ್ಲ. ಕರಾರೆಂದರೆ ಮುಂದೆ ಕೊಳ್ಳುತ್ತೇನೆ ಎಂಬುದು, ಅಂದರೆ ಸದ್ಯಕ್ಕೆ ನಿಮ್ಮದೇ ಎಂದು ಒಪ್ಪಿದಂತೆ. ಅಂಥ ಅನುಭವ ಅನುಮತಿಯ ಅನುಭವವಷ್ಟೇ ಎಂದು 1990ರ ಅಚಲ ರೆಡ್ಡಿ ತೀರ್ಪು ಹೇಳುತ್ತದೆ. ಜಿಪಿಎ ಮತ್ತು ಕರಾರಿನ ಮೇಲೆ ಮನೆ ಕಟ್ಟಿಕೊಂಡಿರುವ ಅರ್ಧ ಬೆಂಗಳೂರು ಇದನ್ನು ತಿಳಿದಿರಬೇಕು.

ಜಯನಗರದ_ಹಿರಿಯ
2008ರಲ್ಲಿ ಸರ್ಕಾರಕ್ಕೆ ಹೇಳಿತು ಎಂದಿರಿ. ಹದಿನೆಂಟು ವರ್ಷವಾಯಿತು. ಸರ್ಕಾರ ಏನು ಮಾಡಿತು, ಅದನ್ನೂ ಹೇಳಿ.

ಕಪ್ಪು_ಕೋಟು
ವಿಷಯ ಕಾನೂನು ಆಯೋಗಕ್ಕೆ ಹೋಯಿತು. 2023ರಲ್ಲಿ ಆಯೋಗ ತನ್ನ 280ನೇ ವರದಿಯಲ್ಲಿ, ಬದಲಾವಣೆ ಬೇಕಿಲ್ಲ, ಹನ್ನೆರಡು ವರ್ಷವೂ ಸರ್ಕಾರಿ ಆಸ್ತಿಗಿರುವ ಮೂವತ್ತು ವರ್ಷವೂ ಹಾಗೆಯೇ ಇರಲಿ ಎಂದಿತು. ಆದರೆ ಆಯೋಗದಲ್ಲಿದ್ದ ಕಾನೂನು ಸಚಿವಾಲಯದ ಇಬ್ಬರು ಪದನಿಮಿತ್ತ ಸದಸ್ಯರು ಭಿನ್ನಮತ ಬರೆದರು. ಅದಕ್ಕೂ ಮುಂಚೆ, 2019ರಲ್ಲಿ, ರವೀಂದರ್ ಕೌರ್ ಗ್ರೆವಾಲ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇನ್ನೊಂದು ಹೆಜ್ಜೆ ಮುಂದೆ ಹೋಗಿತ್ತು. ಅಲ್ಲಿಯವರೆಗೆ, ಮಾಲೀಕ ದಾವೆ ಹಾಕಿದಾಗ ಪ್ರತಿವಾದಿಯಾಗಿ ಮಾತ್ರ ಈ ವಾದ ಹೂಡಬಹುದು ಎಂಬ ತೀರ್ಪಿತ್ತು. 2019ರ ನಂತರ ಅನುಭವದಲ್ಲಿರುವವನೇ ವಾದಿಯಾಗಿ ಹೋಗಿ ‘ನನ್ನನ್ನು ಮಾಲೀಕನೆಂದು ಘೋಷಿಸಿ’ ಎಂದು ಕೇಳಬಹುದು. ಹಾಗಾಗಿ ಮೇಡಂ, ನೀವು ಸುಮ್ಮನಿದ್ದರೆ ಅವನೂ ಸುಮ್ಮನಿರುತ್ತಾನೆಂದು ಭಾವಿಸಬೇಡಿ.

ಕೆರೆಯ_ಕಡೆಯವ
ಮೂವತ್ತು ವರ್ಷ ಎಂದಿರಲ್ಲ, ನನಗೆ ಉರಿಯುವುದು ಅದೇ. ನಮ್ಮ ಬಡಾವಣೆಯ ರಾಜಕಾಲುವೆಯ ಮೇಲೆ ಗೋಡೆ ಎದ್ದಿದೆ, ಕೆರೆಯ ಅಂಚು ಪ್ರತಿ ವರ್ಷ ಸರಿಯುತ್ತಿದೆ. ಇದಕ್ಕೂ ಮೂವತ್ತು ವರ್ಷ ಕಾದರೆ ಹಕ್ಕೇ? ಖಾಸಗಿಯವರಾದರೂ ತಮ್ಮ ಸೈಟ್ ನೋಡಿಕೊಳ್ಳಬಹುದು. ಕೆರೆಗೆ ಯಾರು ದಾವೆ ಹಾಕುತ್ತಾರೆ?

ಕಪ್ಪು_ಕೋಟು
2019ರ ಅದೇ ತೀರ್ಪಿನಲ್ಲಿ, ಸಾರ್ವಜನಿಕ ಬಳಕೆಗೆ ಮೀಸಲಾದ ಜಾಗದ ಮೇಲೆ ಈ ರೀತಿ ಹಕ್ಕು ಹುಟ್ಟಬಾರದು, ಶಾಸನದಲ್ಲೇ ಇದನ್ನು ಸ್ಪಷ್ಟಪಡಿಸಿದರೆ ಒಳ್ಳೆಯದು ಎಂಬ ಮಾತಿದೆ. ಶಾಸನ ಬದಲಾಗಿಲ್ಲ. ನಮ್ಮ ರಾಜ್ಯದಲ್ಲಿ 2011ರ ಭೂಕಬಳಿಕೆ ನಿಷೇಧ ಕಾಯ್ದೆ ಇದೆ, ಅದಕ್ಕೆಂದೇ ಬೆಂಗಳೂರಿನಲ್ಲಿ ವಿಶೇಷ ನ್ಯಾಯಾಲಯವೂ ಇದೆ. ಸರ್ಕಾರದ ವಿರುದ್ಧ ಮೂವತ್ತು ವರ್ಷ ಸಾಬೀತುಪಡಿಸುವುದು ಬಹಳ ಕಷ್ಟ, ಕೋರ್ಟುಗಳು ಅಲ್ಲಿ ಸಾಕ್ಷ್ಯವನ್ನು ಹೆಚ್ಚು ಬಿಗಿಯಾಗಿ ನೋಡುತ್ತವೆ.

ಇಬ್ಬನಿ_ಸಂಜೆ
ತಿರುಗಿಸಿ ಕೇಳುತ್ತೇನೆ. ಸರ್ಕಾರವೇ ನಮ್ಮ ಜಮೀನಿನಲ್ಲಿ ರಸ್ತೆ ಮಾಡಿ ಹನ್ನೆರಡು ವರ್ಷ ಸುಮ್ಮನಿದ್ದರೆ?

ಕಪ್ಪು_ಕೋಟು
ಹಿಮಾಚಲದಲ್ಲಿ ಹೀಗೆಯೇ ಆಯಿತು. 1967-68ರಲ್ಲಿ ವಿದ್ಯಾದೇವಿ ಎಂಬ ಮಹಿಳೆಯ ಜಮೀನಿನಲ್ಲಿ ಪರಿಹಾರ ಕೊಡದೆ ರಸ್ತೆ ಮಾಡಿದರು. ದಶಕಗಳ ನಂತರ ಅವರು ಕೋರ್ಟಿಗೆ ಬಂದಾಗ ಸರ್ಕಾರ ‘ನಮ್ಮದು ಪ್ರತಿಕೂಲ ಸ್ವಾಧೀನ’ ಎಂದು ವಾದಿಸಿತು. ಸ್ವಂತ ಪ್ರಜೆಯ ಜಮೀನನ್ನು ಹೀಗೆ ನುಂಗಲು ಕಲ್ಯಾಣ ರಾಜ್ಯಕ್ಕೆ ಅವಕಾಶವಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿ ಪರಿಹಾರ ಕೊಡಿಸಿತು.

ಬೇಲಿ_ಹೂವು
ಹಳೆಯ ಫೋನಿನಲ್ಲಿ ಹುಡುಕಿದಾಗ ಒಂದು ವಾಟ್ಸಾಪ್ ಸಂದೇಶ ಸಿಕ್ಕಿತು. 2021ರಲ್ಲಿ ಮೇಸ್ತ್ರಿಯ ಮಗ ನನಗೆ ಬರೆದದ್ದು: ‘ಅಕ್ಕ, ಸೈಟ್ ಮಾರುವುದಾದರೆ ಮೊದಲು ನಮಗೆ ಹೇಳಿ. ಕಂತಿನಲ್ಲಿ ಕೊಟ್ಟು ತೀರಿಸುತ್ತೇವೆ.’ ಇದರಿಂದ ಏನಾದರೂ ಉಪಯೋಗವಿದೆಯೇ?

ಹಳೇ_ಸರಪಳಿ
ಏನಾದರೂ ಅಂದರೆ! ಸೈಟ್ ನಿಮ್ಮದೆಂದು ಬರೆದುಕೊಟ್ಟಂತಾಯಿತು. 2021ರಿಂದ ಹೊಸ ಹನ್ನೆರಡು ವರ್ಷ. 2033ರವರೆಗೆ ನಿಶ್ಚಿಂತೆ.

ಕಪ್ಪು_ಕೋಟು
ಅಷ್ಟು ನಿಶ್ಚಿಂತೆ ಬೇಡ. ಕಾಲಮಿತಿ ಹೊಸದಾಗಿ ಶುರುವಾಗಬೇಕಾದರೆ 18ನೇ ಸೆಕ್ಷನ್ ಪ್ರಕಾರ ಸಹಿ ಇರುವ ಬರಹ ಬೇಕು. ವಾಟ್ಸಾಪ್ ಸಂದೇಶ ಅದಕ್ಕೆ ಸಮವೇ ಎಂದು ಎದುರು ವಕೀಲರು ಖಂಡಿತ ಕೇಳುತ್ತಾರೆ. ‘ಜಗಳ ಬೇಡವೆಂದು ಹಣ ಕೊಡಲು ಸಿದ್ಧನಿದ್ದೆ, ಹಕ್ಕು ಒಪ್ಪಿಕೊಂಡಿರಲಿಲ್ಲ’ ಎಂದೂ ಹೇಳಬಹುದು. ಹೊಸ ಎಣಿಕೆಗೆ ನಾನು ಇದನ್ನು ನಂಬಿ ಕೂರುವುದಿಲ್ಲ.

ಇದರ ಬೆಲೆ ಇರುವುದು ಬೇರೆ ಕಡೆ. 2021ರಲ್ಲಿ ಅವನ ಮನಸ್ಸಿನಲ್ಲಿ ಮಾಲೀಕರು ಯಾರಾಗಿದ್ದರು ಎಂಬುದಕ್ಕೆ ಇದು ಸಾಕ್ಷ್ಯ. ತಾನೇ ಮಾಲೀಕನೆಂದು ಧಿಕ್ಕರಿಸಿ ಕೂತವನು ‘ಮಾರುವುದಾದರೆ ಹೇಳಿ ಅಕ್ಕ’ ಎನ್ನುತ್ತಾನೆಯೇ? ಫೋನ್ ಮಾರಬೇಡಿ, ಸಂದೇಶ ಅಳಿಸಬೇಡಿ. ಬರೀ ಸ್ಕ್ರೀನ್‌ಶಾಟ್ ತೆಗೆದುಕೊಂಡು ಹೋದರೆ ಸಾಲದು, ಹೊಸ ಸಾಕ್ಷ್ಯ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಕೊಡಬೇಕಾಗುತ್ತದೆ.

ನೀವು 2019ರವರೆಗೆ ಕಟ್ಟಿದ ಕಂದಾಯದ ರಸೀದಿಗಳನ್ನೂ ಒಟ್ಟುಮಾಡಿ. ರಸೀದಿಯಿಂದ ಹಕ್ಕು ಹುಟ್ಟುವುದಿಲ್ಲ, ಖಾತೆಯಿಂದಲೂ ಹುಟ್ಟುವುದಿಲ್ಲ. ಆದರೆ ಆತ ನಾಳೆ ಮಾತು ಬದಲಿಸಿ ‘ನಿಮ್ಮ ತಂದೆ 2006ರಲ್ಲಿ ನಮ್ಮಪ್ಪನಿಗೆ ಸೈಟನ್ನೇ ಕೊಟ್ಟುಬಿಟ್ಟಿದ್ದರು’ ಎಂದರೆ ಅವು ಕೆಲಸಕ್ಕೆ ಬರುತ್ತವೆ. ಬಾಯಿಮಾತಿನ ದಾನಕ್ಕೆ ನೋಂದಣಿ ಇಲ್ಲವಾದ್ದರಿಂದ ಬೆಲೆಯಿಲ್ಲ. ಆದರೂ ಅಂಥ ಅನೂರ್ಜಿತ ದಾನದ ಮೇಲೆ ಕೂತ ಅನುಭವ ಪ್ರತಿಕೂಲವಾಗಬಹುದೆಂಬ ತೀರ್ಪುಗಳಿವೆ. ಕೊಟ್ಟುಬಿಟ್ಟವರು ಮುಂದೆ ಹದಿಮೂರು ವರ್ಷ ಕಂದಾಯ ಕಟ್ಟುತ್ತಾರೆಯೇ ಎಂದು ಆಗ ಕೇಳಬಹುದು.

ಯಶವಂತಪುರದ_ಹಳಬ
ಮೇಡಂ, ಆತ ಕಟ್ಟಿದ ಮನೆಯ ಖರ್ಚಾದರೂ ಕೊಡುವ ಯೋಚನೆ ಇದೆಯೇ? ಇಪ್ಪತ್ತು ವರ್ಷ ನಿಮ್ಮ ಸೈಟನ್ನು ಬೇರೆ ಯಾರೂ ಮುಟ್ಟದಂತೆ ಕಾದವರು ಆ ಕುಟುಂಬದವರೇ. ಅವರು ಇರದಿದ್ದರೆ ಅಲ್ಲಿ ಈಗ ಇನ್ನಾರದೋ ಮೂರಂತಸ್ತಿನ ಕಟ್ಟಡ ಇರುತ್ತಿತ್ತು. ಸಂಬಳವೂ ಕೊಟ್ಟಿಲ್ಲ.

ತೋಟದ_ಮನೆ
ಬಾಡಿಗೆಯಿಲ್ಲದೆ ಇಪ್ಪತ್ತು ವರ್ಷ ಬೆಂಗಳೂರಿನಲ್ಲಿ ವಾಸ. ಅದೇ ಸಂಬಳ.

ಬೇಲಿ_ಹೂವು
ಸ್ವಲ್ಪ ಹಣ ಕೊಟ್ಟು ರಾಜಿ ಮಾಡಿಕೊಳ್ಳಲು ಅಮ್ಮ ಒಪ್ಪುತ್ತಾರೆ. ಅಣ್ಣ ಒಪ್ಪುವುದಿಲ್ಲ. ನಾನು ಇನ್ನೂ ಮನಸ್ಸು ಮಾಡಿಲ್ಲ.

ಕಪ್ಪು_ಕೋಟು
ರಾಜಿಯ ಮಾತು ಆಡಿ, ಆದರೆ ದಾವೆ ಹಾಕಿದಮೇಲೆ ಆಡಿ. ‘ಯುಗಾದಿ ಕಳೆಯಲಿ ಅಕ್ಕ, ಕೂತು ಮಾತಾಡೋಣ’ ಎಂದು ದಿನ ದೂಡಿದರೆ ಮಾರ್ಚ್ ದಾಟುತ್ತದೆ. ಕೋರ್ಟಿನಲ್ಲಿ ಆಗುವ ರಾಜಿಗೆ ಡಿಕ್ರಿಯ ಬಲವೂ ಇರುತ್ತದೆ.

ದಾವೆಯಲ್ಲಿ ಮೂರನ್ನು ಕೇಳಿ: ಹಕ್ಕಿನ ಘೋಷಣೆ, ಸ್ವಾಧೀನ, ಮತ್ತು ದಾವೆ ಮುಗಿಯುವವರೆಗೆ ಆತ ಸೈಟನ್ನು ಪರಭಾರೆ ಮಾಡದಂತೆ ತಡೆಯಾಜ್ಞೆ. ಕೋರ್ಟ್ ಶುಲ್ಕ ಮಾರುಕಟ್ಟೆ ಬೆಲೆಯ ಮೇಲೆ ಬೀಳುತ್ತದೆ, ಕಡಿಮೆಯಾಗುವುದಿಲ್ಲ. ತಾಯಿ, ಅಣ್ಣ, ನೀವು, ಮೂವರೂ ವಾದಿಗಳಾಗಿ. ಅಣ್ಣ ಸಹಿ ಹಾಕಲು ಬರದಿದ್ದರೆ ಅವರನ್ನು ಪ್ರತಿವಾದಿ ಮಾಡಿಯಾದರೂ ಹಾಕಿ, ಅದಕ್ಕಾಗಿ ಕಾಯಬೇಡಿ.

ಇನ್ನೊಂದು ಮುಖ್ಯ ಮಾತು. ನೋಟಿಸ್ ಕಳಿಸುವುದಾದರೆ ಅದರ ಒಕ್ಕಣೆ ನೋಡಿಕೊಳ್ಳಿ. ‘ನೀವು 2006ರಿಂದ ನಮ್ಮ ಸೈಟನ್ನು ಅಕ್ರಮವಾಗಿ ಆಕ್ರಮಿಸಿಕೊಂಡಿದ್ದೀರಿ’ ಎಂದು ಆವೇಶದಲ್ಲಿ ಬರೆಯುತ್ತಾರೆ. ಅವನಿಗೆ ಬೇಕಾದ ದಿನಾಂಕವನ್ನೂ, ಬೇಕಾದ ವಿರೋಧವನ್ನೂ ನಾವೇ ಬರೆದುಕೊಟ್ಟಂತೆ ಅದು. ‘ನಮ್ಮ ತಂದೆಯ ಅನುಮತಿಯಿಂದ ಕಾವಲಿಗೆಂದು ಇದ್ದೀರಿ, ಆ ಅನುಮತಿಯನ್ನು ಈಗ ಹಿಂತೆಗೆದುಕೊಂಡಿದ್ದೇವೆ’ ಎಂದಿರಬೇಕು.

ಬೇಲಿ_ಹೂವು
ಸರ್, ಅಣ್ಣ ಡಿಸೆಂಬರಿನಲ್ಲೇ ಒಂದು ನೋಟಿಸ್ ಕಳಿಸಿದ್ದಾನೆ. ಈಗ ತೆಗೆದು ಓದಿದೆ. ‘2006ರಿಂದ ಅತಿಕ್ರಮಿಸಿ’ ಎಂಬ ಮಾತು ಎರಡು ಕಡೆ ಇದೆ.

ಜಯನಗರದ_ಹಿರಿಯ
ಇದಕ್ಕೇ ಒಂದು ಮಧ್ಯಾಹ್ನದ ಕೆಲಸ ಎಂದದ್ದು ನಾನು.

ಕಪ್ಪು_ಕೋಟು
ಹಿರಿಯರೇ, ಸ್ವಲ್ಪ ತಡೆಯಿರಿ. ಮೇಡಂ, ಅದರಿಂದ ಎಲ್ಲ ಮುಗಿಯಿತು ಎಂದೇನಿಲ್ಲ. ನೋಟಿಸಿನ ಒಂದು ಪದದಿಂದ ಅನುಮತಿ ಅತಿಕ್ರಮಣವಾಗಿಬಿಡುವುದಿಲ್ಲ. ಆತ ಬಂದದ್ದು ಹೇಗೆಂದು ಸಾಕ್ಷ್ಯ ನೋಡಿಯೇ ಕೋರ್ಟ್ ತೀರ್ಮಾನಿಸುತ್ತದೆ. ಆದರೆ ಪಾಟೀಸವಾಲಿನಲ್ಲಿ ಅಣ್ಣನನ್ನು ಅದರ ಮೇಲೆಯೇ ಹಿಡಿಯುತ್ತಾರೆ. ಆತ ನೋಟಿಸಿಗೆ ಉತ್ತರ ಕೊಟ್ಟಿದ್ದಾನೆಯೇ? ಕೊಟ್ಟಿದ್ದರೆ ಅದರಲ್ಲಿ ಏನೆಂದಿದ್ದಾನೆ ಎಂಬುದು ಬಹಳ ಮುಖ್ಯ. ‘ಇದು ನಮ್ಮಪ್ಪನಿಗೆ ಕೊಟ್ಟ ಸೈಟ್, ನಾವೇ ಮಾಲೀಕರು’ ಎಂದೂ, ‘ನಿಮ್ಮ ಸೈಟನ್ನು ಪ್ರತಿಕೂಲವಾಗಿ ಅನುಭವಿಸಿದ್ದೇವೆ’ ಎಂದೂ ಒಟ್ಟಿಗೆ ಬರೆದಿದ್ದರೆ ಅವನ ವಾದ ಅವನನ್ನೇ ಇಕ್ಕಟ್ಟಿಗೆ ಸಿಕ್ಕಿಸುತ್ತದೆ. 2004ರ ಕರ್ನಾಟಕ ವಕ್ಫ್ ಮಂಡಳಿ ಪ್ರಕರಣದಲ್ಲಿ, ಈ ಎರಡು ವಾದಗಳು ಒಟ್ಟಿಗೆ ನಿಲ್ಲುವುದಿಲ್ಲ ಎಂದು ಹೇಳಿದ್ದಾರೆ.

ಬೇಲಿ_ಹೂವು
ಉತ್ತರ ಬಂದಿದೆಯಂತೆ. ಅಣ್ಣ ಲಕೋಟೆಯನ್ನು ಒಡೆದೇ ಇಲ್ಲ. ನಾಳೆ ಬೆಳಗ್ಗೆ ಅವನ ಮನೆಗೆ ಹೋಗುತ್ತೇನೆ.

ಕಪ್ಪು_ಕೋಟು
ಹೋದವರು ಲಕೋಟೆಯನ್ನೂ ಇಟ್ಟುಕೊಳ್ಳಿ, ಅಂಚೆ ಮುದ್ರೆಯ ದಿನಾಂಕ ಬೇಕು.

ಬಾಡಿಗೆ_ಮನೆಯವ
ನನ್ನದು ಇನ್ನೊಂದು ಪ್ರಶ್ನೆ. ಕಳೆದ ಎರಡು ವರ್ಷದಿಂದ ನಾನು ಬಾಡಿಗೆಯನ್ನೇ ಕೊಟ್ಟಿಲ್ಲ. ಹಾಗಿದ್ದರೂ ಬಾಡಿಗೆದಾರನೇ?

ಹಳೇ_ಸರಪಳಿ
ಬಾಡಿಗೆ ಬಾಕಿ ಇರುವ ಬಾಡಿಗೆದಾರ. ಹೋಗಿ ಕಟ್ಟಿ ಬನ್ನಿ.